ಕೆನೆ ತೆಗೆದ ಹಾಲು, ಕೆನೆ ಸೇರಿಸಿದ ಹಾಲು

ಪ್ಯಾಕೆಟ್ ಹಾಲು ಕೊಳ್ಳುವವರಲ್ಲಿ ಎರಡು ನಂಬಿಕೆಗಳು ಬಲವಾಗಿ ಬೇರೂರಿವೆ: ಟೋನ್ಡ್ ಹಾಲೆಂದರೆ ನೀರು ಬೆರೆಸಿ ತೆಳುವಾಗಿಸಿದ್ದು, ಫುಲ್ ಕ್ರೀಮ್ ಹಾಲೆಂದರೆ ಕರೆದದ್ದನ್ನು ಕರೆದಂತೆಯೇ ತುಂಬಿದ್ದು. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಾಲಿನ ಮಟ್ಟಿಗೆ ಈ ಎರಡೂ ತಲೆಕೆಳಗಾದ ತಿಳಿವಳಿಕೆಗಳು. ಕಪಿಲೆ ಮತ್ತು ಕಾವೇರಿಯ ನೀರಾವರಿ ಬಯಲಿನ ಈ ಊರುಗಳಲ್ಲಿ ಡೇರಿಗೆ ಬರುವುದು ಹೆಚ್ಚಾಗಿ ಸೀಮೆಹಸುವಿನ, ಅಂದರೆ ಎಚ್‌ಎಫ್ ಮಿಶ್ರತಳಿಯ ಹಾಲಾದ್ದರಿಂದ, ಅದರಲ್ಲಿರುವ ಕೊಬ್ಬು ಸಾಮಾನ್ಯವಾಗಿ ಶೇ 3.5ರಿಂದ 4ರ ಆಸುಪಾಸಿನಲ್ಲಿರುತ್ತದೆ. ಶೇ 3 ಕೊಬ್ಬಿನ ಟೋನ್ಡ್ ಹಾಲು ಈ ಮೂಲಕ್ಕೆ ತೀರ ಹತ್ತಿರದ್ದು. ಶೇ 6 ಕೊಬ್ಬಿನ ಫುಲ್ ಕ್ರೀಮ್ ಹಾಲನ್ನು ಮಾತ್ರ ಇಲ್ಲಿನ ಹಸು ಕೊಡುವುದೇ ಇಲ್ಲ, ಅದನ್ನು ಕಾರ್ಖಾನೆಯಲ್ಲಿ ಕೂಡಿಸಬೇಕಾಗುತ್ತದೆ.

ಹಾಲಿನ ಲೆಕ್ಕ ಎರಡು ಅಂಕಿಗಳ ಮೇಲೆ ನಿಂತಿದೆ. ಮೊದಲನೆಯದು ಕೊಬ್ಬು, ಊರಿನ ಮಾತಿನಲ್ಲಿ ಫ್ಯಾಟು. ಎರಡನೆಯದು ಎಸ್‌ಎನ್‌ಎಫ್, ಅಂದರೆ ನೀರು ಮತ್ತು ಕೊಬ್ಬನ್ನು ಬಿಟ್ಟು ಉಳಿಯುವ ಪ್ರೋಟೀನು, ಹಾಲಿನ ಸಕ್ಕರೆ ಮತ್ತು ಲವಣಗಳ ಒಟ್ಟು. ದೇಶದ ಆಹಾರ ಸುರಕ್ಷತಾ ನಿಯಮಗಳು ಟೋನ್ಡ್ ಹಾಲಿಗೆ ಕನಿಷ್ಠ ಶೇ 3 ಕೊಬ್ಬು ಮತ್ತು ಶೇ 8.5 ಎಸ್‌ಎನ್‌ಎಫ್, ಡಬಲ್ ಟೋನ್ಡ್ ಹಾಲಿಗೆ ಶೇ 1.5 ಮತ್ತು ಶೇ 9, ಫುಲ್ ಕ್ರೀಮ್ ಹಾಲಿಗೆ ಶೇ 6 ಮತ್ತು ಶೇ 9 ಇರಬೇಕೆಂದು ವಿಧಿಸುತ್ತವೆ. ಕೊಬ್ಬು ಅರ್ಧಕ್ಕಿಳಿದ ಡಬಲ್ ಟೋನ್ಡ್‌ನಲ್ಲಿ ಉಳಿದ ಘನಾಂಶ ಟೋನ್ಡ್‌ಗಿಂತ ಹೆಚ್ಚಿರಬೇಕೆಂಬ ಕಟ್ಟಳೆಯನ್ನು ಗಮನಿಸದವರು ಅದನ್ನು ನೀರುಹಾಲೆಂದು ತಳ್ಳಿಹಾಕುತ್ತಾರೆ.

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲು ಹಾಕಿಸಿಕೊಳ್ಳುವಾಗಲೇ ಈ ಎರಡು ಅಂಕಿಗಳನ್ನು ಅಳೆಯಲಾಗುತ್ತದೆ. ಈಗ ಬಹುಪಾಲು ಕಡೆ ಯಂತ್ರವೇ ಫ್ಯಾಟು ಮತ್ತು ಎಸ್‌ಎನ್‌ಎಫ್ ಎರಡನ್ನೂ ತೋರಿಸುತ್ತದಾದರೂ, ಸಂಶಯ ಬಂದಾಗ ಮೊರೆಹೋಗುವುದು ಹಳೆಯ ಗರ್ಬರ್ ಪರೀಕ್ಷೆಗೇ. ಉದ್ದ ಕತ್ತಿನ ಗಾಜಿನ ನಳಿಕೆಗೆ 10 ಮಿಲಿ ಲೀಟರ್ ಗಂಧಕಾಮ್ಲ, ಅದರ ಮೇಲೆ 10.75 ಮಿಲಿ ಲೀಟರ್ ಹಾಲು, ಕೊನೆಗೆ 1 ಮಿಲಿ ಲೀಟರ್ ಅಮೈಲ್ ಆಲ್ಕೊಹಾಲ್ ಹಾಕಿ ಬಿರಡೆ ಒತ್ತಿ ಅಲುಗಿಸಿದಾಗ, ಆಮ್ಲವು ಪ್ರೋಟೀನನ್ನು ಕರಗಿಸುತ್ತ ನಳಿಕೆ ಕೈಸುಡುವಷ್ಟು ಬಿಸಿಯಾಗಿ ಒಳಗಿನದು ಕಂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕೆಲವು ನಿಮಿಷ ರಭಸದಿಂದ ತಿರುಗಿಸಿದರೆ ಕೊಬ್ಬು ಹಳದಿ ಪಟ್ಟಿಯಾಗಿ ಗೀಟು ಹಾಕಿದ ಕತ್ತಿನಲ್ಲಿ ಬಂದು ನಿಲ್ಲುತ್ತದೆ ಮತ್ತು ಅದರ ಎತ್ತರವೇ ಶೇಕಡಾವಾರನ್ನು ಹೇಳುತ್ತದೆ. ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕದೆ ಮೇಲಿನಿಂದ ಮಾದರಿ ತೆಗೆದರೆ, ತೇಲಿ ಬಂದ ಕೆನೆಯೇ ಅದರೊಳಗೆ ಸೇರಿ ಅಂಕಿ ಸುಳ್ಳಾಗುತ್ತದೆ.

ಲ್ಯಾಕ್ಟೋಮೀಟರ್ ಒಂದನ್ನೇ ನಂಬುವುದೂ ಸಲ್ಲದು. ಹಾಲಿಗೆ ನೀರು ಬಿದ್ದರೆ ಅದರ ಡಿಗ್ರಿ ಇಳಿಯುತ್ತದೆ. ಆದರೆ ಕೊಬ್ಬು ನೀರಿಗಿಂತ ಹಗುರವಾದ್ದರಿಂದ, ಕೆನೆ ತೆಗೆದರೆ ಡಿಗ್ರಿ ಏರುತ್ತದೆ. ಎರಡನ್ನೂ ಅಳತೆಯರಿತು ಒಟ್ಟಿಗೇ ಮಾಡಿದವನ ಹಾಲು ಲ್ಯಾಕ್ಟೋಮೀಟರಿನಲ್ಲಿ ಅಪ್ಪಟವಾಗಿಯೇ ಕಾಣುತ್ತದೆ, ಸಿಕ್ಕಿಬೀಳುವುದು ಫ್ಯಾಟು ನೋಡಿದಾಗ. ಫ್ಯಾಟು ಕಡಿಮೆ ಬಂದ ಮಾತ್ರಕ್ಕೆ ರೈತನನ್ನು ಶಂಕಿಸುವುದೂ ಸರಿಯಲ್ಲ. ನಾರು ಕಡಿಮೆಯಿರುವ ಎಳೆ ಹಸಿಮೇವನ್ನಷ್ಟೇ ತಿಂದ ಹಸುವಿನ ಹಾಲಿನಲ್ಲಿ ಕೊಬ್ಬು ಇಳಿಯುವುದು ಸಹಜ, ಭತ್ತದ ಹುಲ್ಲಿನಂಥ ಒಣಮೇವು ಸೇರಿದಾಗ ಅದು ಚೇತರಿಸಿಕೊಳ್ಳುತ್ತದೆ.

ಸಂಘದಲ್ಲಿ ಅಥವಾ ಶೀತಲೀಕರಣ ಘಟಕದಲ್ಲಿ 4 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತಂಪಾಗಿಸಿದ ಹಾಲು ಟ್ಯಾಂಕರಿನಲ್ಲಿ ಮೈಮುಲ್‌ ಎಂದೇ ಹೆಸರಾದ ಮೈಸೂರು ಹಾಲು ಒಕ್ಕೂಟದ ಡೇರಿಗೆ ಸಾಗಿ, ಅಲ್ಲಿಂದ ನಂದಿನಿ ಪ್ಯಾಕೆಟ್ಟಾಗಿ ಹೊರಬರುತ್ತದೆ. ಇಂಥ ಡೇರಿಗಳಲ್ಲಿ ಕೊಬ್ಬನ್ನು ಹೊಂದಿಸುವ ಸಾಧನ ಕೆನೆ ಬೇರ್ಪಡಿಸುವ ಯಂತ್ರ. ಬೆಚ್ಚಗಾಗಿಸಿದ ಹಾಲು ಒಂದರ ಮೇಲೊಂದು ಜೋಡಿಸಿದ ಶಂಕುವಿನಾಕಾರದ ಉಕ್ಕಿನ ತಟ್ಟೆಗಳ ನಡುವೆ ನಿಮಿಷಕ್ಕೆ ಸಾವಿರಾರು ಸುತ್ತುಗಳ ವೇಗದಲ್ಲಿ ತಿರುಗುವಾಗ, ಭಾರವಾದ ಕೆನೆರಹಿತ ಹಾಲು ಹೊರಅಂಚಿಗೂ ಹಗುರವಾದ ಕೆನೆ ನಡುವಿನ ಅಚ್ಚಿನ ಕಡೆಗೂ ಸರಿದು ಬೇರೆಬೇರೆ ಕೊಳವೆಗಳಲ್ಲಿ ಹೊರಬೀಳುತ್ತವೆ, ಅನಂತರ ಬೇಕಾದಷ್ಟೇ ಕೆನೆಯನ್ನು ಮರಳಿ ಕೂಡಿಸಲಾಗುತ್ತದೆ.

ಶೇ 4 ಕೊಬ್ಬು ಮತ್ತು ಶೇ 8.5 ಎಸ್‌ಎನ್‌ಎಫ್ ಇರುವ 1,000 ಕೆ.ಜಿ. ಹಾಲು ಬಂದಿದೆಯೆಂದೂ, ಬೇರ್ಪಟ್ಟ ಕೆನೆಯಲ್ಲಿ ಶೇ 40 ಕೊಬ್ಬಿದೆಯೆಂದೂ ಇಟ್ಟುಕೊಂಡರೆ ಲೆಕ್ಕ ಹೀಗೆ ಸಾಗುತ್ತದೆ. ಟೋನ್ಡ್ ಹಾಲಿಗಾಗಿ ತೆಗೆಯಬೇಕಾದ ಕೆನೆ ಸುಮಾರು 27 ಕೆ.ಜಿ. ಮಾತ್ರ, ಕೆನೆ ಹೋದಾಗ ಉಳಿದದ್ದರಲ್ಲಿ ಎಸ್‌ಎನ್‌ಎಫ್ ತಾನಾಗಿಯೇ ತುಸು ಏರಿ ಶೇ 8.6ರ ಹತ್ತಿರ ನಿಲ್ಲುವುದರಿಂದ, ನೀರಾಗಲಿ ಪುಡಿಯಾಗಲಿ ಬೇಕಾಗುವುದಿಲ್ಲ. ಡಬಲ್ ಟೋನ್ಡ್‌ಗೆ ಸುಮಾರು 65 ಕೆ.ಜಿ. ಕೆನೆ ತೆಗೆಯಬೇಕು, ಆಗಲೂ ಎಸ್‌ಎನ್‌ಎಫ್ ಶೇ 8.7ರವರೆಗಷ್ಟೇ ಏರುವುದರಿಂದ, ಕೊರತೆ ತುಂಬಲು ಮೂರು ಕೆ.ಜಿ.ಯಷ್ಟು ಕೆನೆರಹಿತ ಹಾಲಿನ ಪುಡಿಯನ್ನು ಕರಗಿಸಬೇಕಾಗುತ್ತದೆ.

ಫುಲ್ ಕ್ರೀಮ್‌ನ ದಾರಿ ಇದಕ್ಕೆ ತದ್ವಿರುದ್ಧ. ಅದೇ 1,000 ಕೆ.ಜಿ. ಹಾಲಿಗೆ ಸುಮಾರು 59 ಕೆ.ಜಿ. ಕೆನೆ ಸೇರಿಸಿದರೆ ಕೊಬ್ಬು ಶೇ 6ಕ್ಕೆ ಮುಟ್ಟುತ್ತದೆ, ಆದರೆ ಕೆನೆಯ ಪಾಲು ಹೆಚ್ಚಿದಂತೆ ಎಸ್‌ಎನ್‌ಎಫ್ ಶೇ 8.3ಕ್ಕೆ ಕುಸಿಯುತ್ತದೆ, ಅದನ್ನು ಶೇ 9ಕ್ಕೆ ಎತ್ತಲು ಎಂಟು ಕೆ.ಜಿ.ಗೂ ಮಿಕ್ಕಿ ಪುಡಿ ಬೇಕು, ಪುಡಿಯ ತೂಕ ಸೇರಿದ ಮೇಲೆ ಕೊಬ್ಬು ಕೂದಲೆಳೆಯಷ್ಟು ತಗ್ಗುವುದರಿಂದ ಕೆನೆಯನ್ನು ಮತ್ತೂ ಚೂರು ಹೆಚ್ಚಿಸಬೇಕು. ಹೀಗಾಗಿ ಮೂರರಲ್ಲಿ ಅತಿ ಹೆಚ್ಚು ಕೈಕೆಲಸ ಬೇಡುವುದು, ಗ್ರಾಹಕರು ಅತ್ಯಂತ ಸಹಜವೆಂದು ಭಾವಿಸುವ ಹಾಲೇ. ಡಬಲ್ ಟೋನ್ಡ್‌ನಿಂದ ತೆಗೆದ ಕೆನೆ ಹೆಚ್ಚುಕಡಿಮೆ ಅಷ್ಟೇ ಹಾಲನ್ನು ಫುಲ್ ಕ್ರೀಮ್ ಮಾಡಲು ಸಾಕಾಗುತ್ತದೆಂಬುದು ಈ ಲೆಕ್ಕದ ಸ್ವಾರಸ್ಯ. ಎಮ್ಮೆಯ ಹಾಲು ಧಾರಾಳವಾಗಿರುವ ಸೀಮೆಗಳಲ್ಲಿ ಫುಲ್ ಕ್ರೀಮ್‌ಗಾಗಿ ಕೆನೆ ಕೂಡಿಸುವ ಈ ಪಾಡಿಲ್ಲ.

ನೀರಿನ ಅಪವಾದ ಟೋನ್ಡ್ ಹಾಲಿಗೆ ಅಂಟಿಕೊಂಡದ್ದು ಕೂಡ ಎಮ್ಮೆಯ ಹಾಲಿನಿಂದಲೇ. 1946ರಲ್ಲಿ ಮುಂಬೈಯಲ್ಲಿ ದಾರಾ ಖುರೋಡಿ ಈ ಹಾಲನ್ನು ಬಳಕೆಗೆ ತಂದಾಗ, ಶೇ 6ಕ್ಕೂ ಮೀರಿದ ಕೊಬ್ಬಿನ ಎಮ್ಮೆಹಾಲಿಗೆ ನೀರು ಮತ್ತು ಕೆನೆರಹಿತ ಹಾಲಿನ ಪುಡಿ ಬೆರೆಸಿ, ಒಂದು ಪಾಲು ಹಾಲನ್ನು ಎರಡು ಪಾಲಿನಷ್ಟಾಗಿಸಿ, ಬಡವರ ಕೈಗೆಟಕುವ ಬೆಲೆಗೆ ಒದಗಿಸುವುದು ಉದ್ದೇಶವಾಗಿತ್ತು. ಅಲ್ಲಿ ನೀರು ಇದ್ದದ್ದು ನಿಜ, ಆದರೆ ಪುಡಿಯೂ ಜೊತೆಗಿದ್ದುದರಿಂದ ಪ್ರೋಟೀನಿನಲ್ಲಿ ಮೋಸವಿರಲಿಲ್ಲ.

ಹೊಂದಿಸಿದ ಹಾಲನ್ನು 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಹಿಡಿದು ಒಡನೆಯೇ ತಂಪುಮಾಡುವ ಪಾಶ್ಚರೀಕರಣ ಮೂರಕ್ಕೂ ಒಂದೇ. ಇದರೊಂದಿಗೆ ಕೆಲವು ಬಗೆಯ ಹಾಲನ್ನು ಹೋಮೊಜಿನೈಸ್ ಕೂಡ ಮಾಡುತ್ತಾರೆ, ಎಂದರೆ ಬಿಸಿ ಹಾಲನ್ನು ಭಾರಿ ಒತ್ತಡದಲ್ಲಿ ಸಣ್ಣ ಕಿಂಡಿಯ ಮೂಲಕ ನುಗ್ಗಿಸಿ ಕೊಬ್ಬಿನ ಗೋಲಿಗಳನ್ನು ಮೇಲೆ ತೇಲಲಾರದಷ್ಟು ಸೂಕ್ಷ್ಮವಾಗಿ ಒಡೆಯುತ್ತಾರೆ. ಕಾಯಿಸಿ ಆರಿಸಿಟ್ಟ ಪಾತ್ರೆಯಲ್ಲಿ ದಪ್ಪ ಕೆನೆ ಕಟ್ಟದಿದ್ದರೆ ಹಾಲು ಕೆಟ್ಟದ್ದೆಂದೋ ಕಲಬೆರಕೆಯೆಂದೋ ಮನೆಗಳಲ್ಲಿ ತೀರ್ಮಾನಿಸುವುದುಂಟು. ಹೋಮೊಜಿನೈಸ್ ಆದ ಹಾಲಿನಲ್ಲಿ ಕೊಬ್ಬು ಅಷ್ಟೇ ಇದ್ದರೂ ಅದು ಪಾತ್ರೆಯ ತಳದವರೆಗೂ ಹರಡಿಕೊಂಡಿರುವುದರಿಂದ ಮೇಲೆ ತೆಳುಪೊರೆಯಷ್ಟೇ ಬರುತ್ತದೆ. ಹೋಮೊಜಿನೈಸ್ ಆಗದ ಟೋನ್ಡ್ ಹಾಲಿನ ಮೇಲೆ, ಕೊಬ್ಬು ಶೇ 3 ಮಾತ್ರವಿದ್ದರೂ, ಅದಕ್ಕಿಂತ ದಪ್ಪನೆಯ ಕೆನೆ ನಿಲ್ಲಬಹುದು. ಆದ್ದರಿಂದ ಒಲೆಯ ಮೇಲೆ ಕೊಬ್ಬನ್ನು ಅಂದಾಜು ಮಾಡುವುದಕ್ಕಿಂತ, ಪ್ಯಾಕೆಟ್ಟಿನ ಮೇಲೆ ಅಚ್ಚಾದ ಅಂಕಿಯನ್ನೂ ಹೋಮೊಜಿನೈಸ್ಡ್ ಎಂಬ ಒಕ್ಕಣೆ ಇದೆಯೇ ಎಂಬುದನ್ನೂ ಒಟ್ಟಿಗೆ ಓದಬೇಕಾಗುತ್ತದೆ.