ಮಳೆ ಮುನ್ಸೂಚನೆ ಮತ್ತು ಶೂಟ್‌ನ ಹೊಸ ದಿನ

ಹೊರಾಂಗಣದ ಪ್ರೀ ವೆಡ್ಡಿಂಗ್ ಶೂಟ್ ಮುಂದೂಡಲು ಫೋಟೋಗ್ರಾಫರ್‌ಗೆ ಕಳಿಸುವ ಸಂದೇಶಕ್ಕೆ ಬೇಗ ಉತ್ತರ ಬರಬೇಕಾದರೆ, ಅವರು ಡೈರಿ ತೆರೆದ ಕೂಡಲೇ ದಿನ ಹೇಳುವಷ್ಟು ವಿವರ ಅದರಲ್ಲೇ ಇರಬೇಕು.

ಮಂಡ್ಯದ ಜೋಡಿಯೊಂದು ಮೇ 10ರ ಶನಿವಾರ ಸಂಜೆ ಮೇಲುಕೋಟೆಯಲ್ಲಿ ಶೂಟ್ ಗೊತ್ತುಮಾಡಿಕೊಂಡಿದೆ, ಮದುವೆ ಜೂನ್ 1ಕ್ಕೆ ಎಂದಿಟ್ಟುಕೊಳ್ಳೋಣ. ಬುಧವಾರ ಹವಾಮಾನ ಇಲಾಖೆ ಶನಿವಾರಕ್ಕೆ ಜಿಲ್ಲೆಯಲ್ಲಿ ಗುಡುಗು ಮಳೆಯ ಯೆಲ್ಲೋ ಅಲರ್ಟ್ ಕೊಟ್ಟಿದೆ. ಯೆಲ್ಲೋ ಎಂದರೆ ಎಚ್ಚರವಿರಲಿ ಎಂದಷ್ಟೇ ಅರ್ಥ. ಮುನ್ಸೂಚನೆ ಇಡೀ ಜಿಲ್ಲೆಗೆ ಅನ್ವಯಿಸುವುದರಿಂದ ಮಂಡ್ಯದಲ್ಲಿ ಸುರಿದ ಮಳೆ ಮೇಲುಕೋಟೆಯ ಬೆಟ್ಟಕ್ಕೆ ಬಾರದೆಯೂ ಇರಬಹುದು. ಆದರೆ ಮುಂಗಾರಿಗೆ ಮೊದಲಿನ ಗುಡುಗು ಮಳೆ ಸಾಮಾನ್ಯವಾಗಿ ಬರುವುದು ಮಧ್ಯಾಹ್ನ ಕಳೆದ ಮೇಲೆಯೇ. ಬಿಸಿಲಿಗೆ ಕಾದ ನೆಲದಿಂದ ಮೇಲೇರಿದ ಗಾಳಿ ಹೊತ್ತಿಳಿಯುವಷ್ಟರಲ್ಲಿ ಮೋಡ ಕಟ್ಟುತ್ತದೆ. ಸಂಜೆಯ ಹೊಂಬಿಸಿಲನ್ನೇ ನೆಚ್ಚಿದ ಶೂಟ್‌ಗೆ ಅದೇ ಹೊತ್ತು ಅಪಾಯದ್ದು.

ಬರೀ ಮೋಡವಿದ್ದರೆ ಮುಂದೂಡಬೇಕಿಲ್ಲ. ಮೋಡದ ಮೆದು ಬೆಳಕಿನಲ್ಲಿ ಮುಖದ ಮೇಲೆ ಗಡಸು ನೆರಳು ಬೀಳದು. ಮಳೆ ಬಂದರೆ ಮಾತ್ರ ಡ್ರೋನ್ ಹಾರಿಸಲಾಗದು, ಕಲ್ಯಾಣಿಯ ಕಲ್ಲುಮೆಟ್ಟಿಲು ಜಾರುತ್ತದೆ, ರೇಷ್ಮೆ ಸೀರೆಯ ಅಂಚು ಕೆಸರಾಗುತ್ತದೆ.

‘ಯಾವಾಗ ಫ್ರೀ ಇದ್ದೀರಾ?’ ಎಂದಷ್ಟೇ ಕೇಳಿದರೆ ಮಾತು ಎಳೆಯುತ್ತಲೇ ಹೋಗುತ್ತದೆ. ಫೋಟೋಗ್ರಾಫರ್ ಒಬ್ಬರೇ ಬರುವುದಿಲ್ಲ. ವಿಡಿಯೋದವರು, ಡ್ರೋನ್‌ನವರು, ಸಹಾಯಕರು ಎಲ್ಲರ ದಿನವೂ ಹೊಂದಬೇಕು. ಮುಹೂರ್ತದ ತಿಂಗಳಲ್ಲಿ ಶನಿವಾರ, ಭಾನುವಾರ ಮೊದಲೇ ತುಂಬಿರುತ್ತವೆ. ವಾರದ ನಡುವಿನ ಬೆಳಗನ್ನೂ ಜೋಡಿ ಒಪ್ಪಿದರೆ ದಿನ ಸಿಗುವುದು ಸುಲಭ. ಬುಧವಾರವೇ ಕಳಿಸುವ ಸಂದೇಶ ಹೀಗಿರಬಹುದು:

“ನಮಸ್ಕಾರ ಸರ್, ನಾವು ಜೂನ್ 1ರ ಮದುವೆಯವರು. ಮೇ 10, ಶನಿವಾರ ಸಂಜೆ ಮೇಲುಕೋಟೆ ಶೂಟ್ ಇತ್ತಲ್ಲ, ಆ ದಿನಕ್ಕೆ ಗುಡುಗು ಮಳೆ ಅಲರ್ಟ್ ಇದೆ. ಕ್ಯಾನ್ಸಲ್ ಅಲ್ಲ ಸರ್, ಮುಂದಕ್ಕೆ ಹಾಕಿಕೊಳ್ಳೋಣ ಅಂತ. ಮೇ 12ರಿಂದ 17ರೊಳಗೆ ನಿಮಗೆ, ಟೀಮ್‌ಗೆ ಬಿಡುವಿರೋ ಎರಡು ದಿನ ಹೇಳಿ. ಬೆಳಿಗ್ಗೆ 6ರಿಂದ 9 ಆದ್ರೂ ಸರಿ. ವಿಡಿಯೋ ಮೇ 24ಕ್ಕೆ ಬೇಕು. ಕೊಟ್ಟಿರೋ ಅಡ್ವಾನ್ಸ್ ಹೊಸ ದಿನಕ್ಕೇ ಹಿಡ್ಕೋತೀರಲ್ವಾ? ಮೇಕಪ್‌ನವರಿಗೂ ತಿಳಿಸಬೇಕು, ನಾಳೆ ಸಂಜೆಯೊಳಗೆ ಹೇಳಿದ್ರೆ ಅನುಕೂಲ.”

ಫೋಟೋಗ್ರಾಫರ್ ಗ್ರಾಹಕರನ್ನು ಗುರುತಿಸುವುದು ಹೆಚ್ಚಾಗಿ ಮದುವೆಯ ದಿನಾಂಕದಿಂದ, ಹಾಗಾಗಿ ಅದು ಮೊದಲ ಸಾಲಿನಲ್ಲೇ ಇದೆ. ‘ಕ್ಯಾನ್ಸಲ್ ಅಲ್ಲ’ ಎಂಬ ಮಾತು ಹಣ ವಾಪಸು ಕೇಳುತ್ತಿದ್ದಾರೆಂಬ ಅನುಮಾನ ತೆಗೆಯುತ್ತದೆ. ಎರಡು ದಿನ ಕೇಳಿದ್ದಕ್ಕೂ ಕಾರಣವಿದೆ: ಹೊಸ ದಿನವೂ ಮಳೆಗೆ ಸಿಕ್ಕಿದರೆ ಇನ್ನೊಂದು ಕೈಯಲ್ಲಿರುತ್ತದೆ. ವಿಡಿಯೋ ಬೇಕಾದ ದಿನ ಗೊತ್ತಾದರೆ ಎಡಿಟಿಂಗ್‌ಗೆ ಎಷ್ಟು ದಿನ ಉಳಿಯುತ್ತದೆಂದು ಅವರೇ ಲೆಕ್ಕ ಹಾಕುತ್ತಾರೆ.

ಶುಕ್ರವಾರ ರಾತ್ರಿ ಇದೇ ಸಂದೇಶ ಹೋದರೆ ಕಥೆ ಬೇರೆ. ಅಷ್ಟರಲ್ಲಿ ಟೀಮ್‌ನವರು ಶನಿವಾರದ ಬೇರೆ ಕೆಲಸ ಬಿಟ್ಟಿರುತ್ತಾರೆ. ಆ ದಿನದ ಕೂಲಿ ಯಾರು ಕೊಡಬೇಕೆಂಬುದು ಬುಕಿಂಗ್ ವೇಳೆ ಆದ ಮಾತಿನ ಮೇಲೆ ನಿಲ್ಲುತ್ತದೆ.