ಬ್ಯಾಂಕಿಗೆ ರಜಾ, ಕಂತಿಗಿಲ್ಲ

ಹಳೇ ಹುಬ್ಬಳ್ಳಿಯೊಳಗ ಒಬ್ಬರು ಬೈಕ್ ಸಾಲ ಮಾಡ್ಯಾರ ಅಂತ ಇಟ್ಕೊಳ್ರಿ. ಕಂತಿನ ತಾರೀಖು 2. ಹೋದ 2025ರ ನವೆಂಬರ್ 1 ಶನಿವಾರ, ರಾಜ್ಯೋತ್ಸವ. ಮರುದಿನ ರವಿವಾರ. "ಬ್ಯಾಂಕ್ ಬಂದ್ ಐತಿ, ಸೋಮವಾರ ರೊಕ್ಕ ತುಂಬಿದ್ರಾತು" ಅಂತ ಕುಂತ್ರ ಕಂತು ಬೌನ್ಸ್!

ಯಾಕಂದ್ರ ಖಾತೆಯಿಂದ ಕಂತು ಎಳಿಯೋದು ನ್ಯಾಚ್ ಅನ್ನೋ ವ್ಯವಸ್ಥೆ. 2021ರ ಆಗಸ್ಟ್ 1ರಿಂದ ಅದು ರವಿವಾರನೂ ನಡೀತೈತಿ, ಹಬ್ಬದ ದಿನಾನೂ ನಡೀತೈತಿ. ಬೌನ್ಸ್ ಆದ್ರ ನಿಮ್ಮ ಬ್ಯಾಂಕೂ ಶುಲ್ಕ ಹಾಕಬಹುದು, ಸಾಲ ಕೊಟ್ಟವರೂ ಹಾಕಬಹುದು. ಶುಕ್ರವಾರನ ತುಂಬಿ ಇಡ್ರಿ. ಮರೆತ್ರ ಶನಿವಾರ ಯುಪಿಐ ಐತಲ್ಲ.

ಚೆಕ್ಕಿನ ಮಾತು ಬ್ಯಾರೆ. ರವಿವಾರದ ತಾರೀಖು ಬರದಿದ್ರ ಸೋಮವಾರ ಹಾಕ್ರಿ, ನಡೀತೈತಿ. ತಾರೀಖಿನಿಂದ 3 ತಿಂಗಳು ಅದಕ್ಕ ಜೀವ ಇರತೈತಿ. ಕೊನೇ ದಿನದ ತನಕ ಮಾತ್ರ ಕಾಯಬ್ಯಾಡ್ರಿ.

ಕೇಂದ್ರ ಕಾನೂನಿನ ಪ್ರಕಾರ ಕಚೇರಿಗೆ ಕೊಡೋ ಅರ್ಜಿ? ಕೊನೇ ದಿನ ಕಚೇರಿ ಮುಚ್ಚಿದ್ರ, ಮುಂದ ತೆರೆದ ದಿನ ಕೊಟ್ರೂ ಲೆಕ್ಕಕ್ಕ ಬರತೈತಿ. 1897ರ ಜನರಲ್ ಕ್ಲಾಸಸ್ ಕಾಯ್ದೆ, 10ನೇ ಕಲಂ. ಆನ್‌ಲೈನ್ ಅರ್ಜಿಗೆ ಈ ರಿಯಾಯಿತಿ ನಂಬಿ ಕೂಡಬ್ಯಾಡ್ರಿ, ಪೋರ್ಟಲ್‌ಗೆ ರವಿವಾರ ಎಲ್ಲೈತಿ?

ಇನ್ನ ಪ್ರಾಮಿಸರಿ ನೋಟ್ ಅಂತೂ ಉಲ್ಟಾ. ವಾಯಿದೆ ರಜಾ ದಿನ ಮುಗಿದ್ರ, ಹಿಂದಿನ ಕೆಲಸದ ದಿನಾನ ರೊಕ್ಕ ಕೊಡಬೇಕು.