ಖರ್ಜೂರವೂ ಪ್ರಸವವೂ: ‘ದಿನಕ್ಕೆ ಆರು ಹಣ್ಣು’ ಎಂಬ ಲೆಕ್ಕದ ವಿಚಾರ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಂತಹ ಪೇಟೆಯಲ್ಲಿ ಖರ್ಜೂರವು ಎರಡು ರೂಪಗಳಲ್ಲಿ ದೊರೆಯುತ್ತದೆ. ಒಂದು, ಒಣಗಿ ಗಟ್ಟಿಯಾದ ಉತ್ತತ್ತಿ. ಕುಬಸದ ದಿನ ಬಸುರಿಯ ಉಡಿ ತುಂಬುವಾಗ ಅಡಕೆ, ಅರಿಸಿನ ಬೇರುಗಳೊಡನೆ ಸೇರುವುದೂ, ಹೆರಿಗೆಯಾದ ಮೇಲೆ ಬಾಣಂತಿಯ ಅಂಟಿನ ಉಂಡೆಯಲ್ಲಿ ಬೀಳುವುದೂ ಇದೇ. ಇನ್ನೊಂದು, ಮೆತ್ತನೆಯ ಖರ್ಜೂರ. ರಂಜಾನ್ ಮಾಸದಲ್ಲಿ ಉಪವಾಸ ಬಿಡುವವರು ಮೊದಲು ಬಾಯಿಗಿಡುವುದು ಇದನ್ನು. ನಮ್ಮ ಹಿಂದೂ ಮನೆಗಳ ರೂಢಿಯಲ್ಲಿ ಖರ್ಜೂರವು ಬಹುಮಟ್ಟಿಗೆ ಬಾಣಂತಿಯ ಆಹಾರವೇ ಹೊರತು ಬಸುರಿಯದಲ್ಲ; ‘ಉಷ್ಣ’ವೆಂದು ಬಸುರಿಗೆ ಬೇಡವೆನ್ನುವ ಹಿರಿಯರೂ ಉಂಟು. ಮುಸಲ್ಮಾನರ ಮನೆಗಳಲ್ಲಿ ಅಭಿಪ್ರಾಯ ಬೇರೆ. ಕುರಾನಿನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಪ್ರಸವವೇದನೆಯಿಂದ ಖರ್ಜೂರದ ಮರದಡಿ ಆಶ್ರಯ ಪಡೆದ ಮರ್ಯಮಳಿಗೆ ಮಾಗಿದ ಹಣ್ಣುಗಳು ಒದಗಿದ ಪ್ರಸಂಗವಿರುವುದರಿಂದ, ಹೆರಿಗೆಗೂ ಈ ಹಣ್ಣಿಗೂ ಸಂಬಂಧವುಂಟೆಂಬ ನಂಬಿಕೆ ಅಲ್ಲಿ ಬಹು ಹಳೆಯದು.

ಈ ನಂಬಿಕೆಯನ್ನು ವೈದ್ಯರು ಕಳೆದ ಕೆಲವು ವರುಷಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅದರ ಫಲವಾಗಿ ‘ದಿನಕ್ಕೆ ಆರು ಖರ್ಜೂರ ತಿಂದರೆ ಹೆರಿಗೆ ಸುಲಭ’ ಎಂಬ ಮಾತು ಈಗ ಎಲ್ಲೆಡೆ ಹಬ್ಬಿದೆ. ಆ ಆರು ಎಂಬ ಸಂಖ್ಯೆ ಎಲ್ಲಿಂದ ಬಂದಿತು, ಅದರಿಂದ ಎಷ್ಟು ಸಿದ್ಧವಾಗಿದೆ, ನಮ್ಮ ಪೇಟೆಯ ಹಣ್ಣಿಗೆ ಅದನ್ನು ಹೇಗೆ ಹೊಂದಿಸಬೇಕು ಎಂಬುದೇ ಇಲ್ಲಿಯ ವಿಚಾರ.

ಸಂಖ್ಯೆಯು ಬಂದದ್ದು ಜೋರ್ಡನ್ ದೇಶದಿಂದ. ಅಲ್ಲಿಯ ವೈದ್ಯರು 2007 ಮತ್ತು 2008ರಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 69 ಮಂದಿ ಗರ್ಭಿಣಿಯರು ಹೆರಿಗೆಯ ನಿರೀಕ್ಷಿತ ದಿನಕ್ಕೆ ನಾಲ್ಕು ವಾರ ಮೊದಲಿನಿಂದ ದಿನಕ್ಕೆ ಆರು ಖರ್ಜೂರಗಳನ್ನು ತಿಂದರು. 45 ಮಂದಿ ತಿನ್ನಲಿಲ್ಲ. ಆಸ್ಪತ್ರೆಗೆ ಬಂದಾಗ ತಿಂದವರ ಗರ್ಭಕೋಶದ ಕೊರಳು ಸರಾಸರಿ ಮೂರೂವರೆ ಸೆಂಟಿಮೀಟರಿನಷ್ಟು ತೆರೆದಿದ್ದಿತು. ಉಳಿದವರದು ಎರಡು ಸೆಂಟಿಮೀಟರು ಮಾತ್ರ. ತಿಂದವರಲ್ಲಿ ನೂರಕ್ಕೆ 96 ಮಂದಿಗೆ ನೋವು ತಾನಾಗಿಯೇ ಆರಂಭವಾಯಿತು; ಉಳಿದವರಲ್ಲಿ 79 ಮಂದಿಗೆ. ನೋವಿನ ಮೊದಲ ನಿಧಾನದ ಘಟ್ಟವು ತಿಂದವರಲ್ಲಿ ಸುಮಾರು ಎಂಟೂವರೆ ಗಂಟೆಯಲ್ಲಿ ಮುಗಿದರೆ ತಿನ್ನದವರಲ್ಲಿ ಹದಿನೈದು ಗಂಟೆ ಹಿಡಿಯಿತು.

ಈ ಅಂಕಿಗಳನ್ನು ಕಂಡೊಡನೆ ಸಂತೋಷವಾಗುವುದು ಸಹಜ. ಆದರೆ ಇಲ್ಲಿ ಒಂದು ಕೊರತೆಯುಂಟು. ಯಾರು ತಿನ್ನಬೇಕು, ಯಾರು ತಿನ್ನಬಾರದು ಎಂಬುದನ್ನು ಚೀಟಿಯೆತ್ತಿದಂತೆ ನಿರ್ಣಯಿಸಿರಲಿಲ್ಲ. ನಾಲ್ಕು ವಾರ ಇಂತಹ ನಿಯಮವನ್ನು ಪಾಲಿಸುವವಳು ಬೇರೆ ವಿಷಯಗಳಲ್ಲಿಯೂ ಭಿನ್ನಳಾಗಿರಬಹುದು. ಆ ಭೇದದ ಫಲವನ್ನು ನಾವು ಖರ್ಜೂರದ ಫಲವೆಂದು ಭ್ರಮಿಸಬಹುದು.

ಆದುದರಿಂದ ಮಲೇಶಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗಕ್ಕೆ ಹೆಚ್ಚು ಬೆಲೆಯುಂಟು. ಚೊಚ್ಚಲ ಬಸುರಿಯರಾದ 154 ಮಂದಿಯನ್ನು ಅಲ್ಲಿ ಚೀಟಿಯ ಕ್ರಮದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಮೂವತ್ತೇಳನೆಯ ವಾರದಿಂದ ದಿನಕ್ಕೆ ಏಳು ಹಣ್ಣು ತಿಂದರು. ನೋವು ಬೇಗನೆ ಬರುವುದರಲ್ಲಿ ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ನಡುವೆ ಕುಂದಿದ ನೋವನ್ನು ಔಷಧದಿಂದ ಹೆಚ್ಚಿಸಬೇಕಾದ ಪ್ರಮೇಯವು ತಿಂದವರಲ್ಲಿ ನೂರಕ್ಕೆ 37 ಮಂದಿಗೆ ಬಂದರೆ ಉಳಿದವರಲ್ಲಿ 50 ಮಂದಿಗೆ ಬಂದಿತು. ಹಲವು ಅಧ್ಯಯನಗಳನ್ನು ಕೂಡಿಸಿ ತೂಗಿದ ವಿಮರ್ಶಕರು, ಕೊರಳು ಹೆಚ್ಚು ಪಕ್ವವಾಗಿರುವ ಸಂಭವವುಂಟೆಂದೂ, ಶಸ್ತ್ರಕ್ರಿಯೆಯ ಹೆರಿಗೆಗಳು ಕಡಮೆಯಾದುದು ಕಾಣಲಿಲ್ಲವೆಂದೂ, ಆಧಾರಗಳು ಇನ್ನೂ ದುರ್ಬಲವೆಂದೂ ಹೇಳಿದ್ದಾರೆ. ಕಾರಣವೇನೆಂಬುದೂ ಊಹೆಯ ಮಟ್ಟದಲ್ಲಿಯೇ ಇದೆ: ಹಣ್ಣಿನಲ್ಲಿಯ ಯಾವುದೋ ದ್ರವ್ಯವು ಗರ್ಭಕೋಶವನ್ನು ಆಕ್ಸಿಟೋಸಿನ್ನಿಗೆ ಹೆಚ್ಚು ಸ್ಪಂದಿಸುವಂತೆ ಮಾಡಬಹುದೆಂದು ಕೆಲವರ ಮತ. ಒಟ್ಟಿನಲ್ಲಿ, ಖರ್ಜೂರವು ನೋವನ್ನು ಬರಿಸುವ ಮದ್ದಲ್ಲ. ಬಂದ ನೋವು ಸರಾಗವಾಗಿ ಸಾಗಲು ಸ್ವಲ್ಪ ನೆರವಾಗಬಹುದಾದ ಆಹಾರ.

ಇನ್ನು ಪ್ರಮಾಣದ ವಿಚಾರ. ‘ಆರು’ ಎಂಬುದು ಎಣಿಕೆ, ತೂಕವಲ್ಲ. ಹಣ್ಣಾದರೋ ಎಂಟು ಗ್ರಾಂ ತೂಗುವುದೂ ಉಂಟು, ಇಪ್ಪತ್ತುನಾಲ್ಕು ಗ್ರಾಂ ತೂಗುವುದೂ ಉಂಟು. ಇರಾನಿನ ಒಂದು ಪ್ರಯೋಗದಲ್ಲಿ ಎಣಿಕೆಯನ್ನು ಬಿಟ್ಟು ದಿನಕ್ಕೆ 70ರಿಂದ 75 ಗ್ರಾಂ ಎಂದು ತೂಕವನ್ನೇ ಹಿಡಿದರು. ಇದೇ ಅನುಸರಿಸತಕ್ಕ ಕ್ರಮ.

ಕಮಲಾಪುರದ ಒಂದು ಮನೆಯವರು ಮೂವತ್ತಾರು ವಾರ ತುಂಬಿದ ಮಗಳಿಗಾಗಿ ಸೂಪರ್ ಮಾರ್ಕೆಟ್ಟಿಗೆ ಖರ್ಜೂರ ಕೊಳ್ಳಲು ಬಂದಿದ್ದಾರೆಂದು ಭಾವಿಸೋಣ. ಅವರು ಕಾಲು ಕಿಲೋ ತೂಗಿಸಿ ಹಣ್ಣುಗಳನ್ನು ಎಣಿಸಲಿ. 25 ಹಣ್ಣು ಬಂದರೆ ಒಂದೊಂದು ಹತ್ತು ಗ್ರಾಂ. ಬೀಜಕ್ಕೆ ಹತ್ತರಲ್ಲಿ ಒಂದು ಪಾಲು ಕಳೆದರೆ ತಿರುಳು ಒಂಬತ್ತು ಗ್ರಾಂ. ಎಂಟು ಹಣ್ಣು ತಿಂದರೆ 72 ಗ್ರಾಂ ಆಗುತ್ತದೆ. ಅದೇ ದುಬಾರಿಯಾದ ದೊಡ್ಡ ಮೆಡ್ಜೂಲ್ ಜಾತಿಯದಾಗಿ ಕಾಲು ಕಿಲೋಗೆ ಹನ್ನೊಂದೇ ಬಂದರೆ, ಮೂರು ಹಣ್ಣು, ಹೆಚ್ಚೆಂದರೆ ಮೂರೂವರೆ, ಸಾಕು. ಅರಿಯದೆ ಆರು ತಿಂದರೆ ಸುಮಾರು ಎರಡರಷ್ಟಾಗುತ್ತದೆ. ಉತ್ತತ್ತಿಗೆ ಈ ಲೆಕ್ಕ ಸಲ್ಲದು. ಅದರಲ್ಲಿ ನೀರು ಕಡಮೆ, ಆದ್ದರಿಂದ ಸಮತೂಕದಲ್ಲಿ ಸಕ್ಕರೆ ಹೆಚ್ಚು.

ಎಚ್ಚರವಿರಬೇಕಾದದ್ದು ಈ ಸಕ್ಕರೆಯ ವಿಷಯದಲ್ಲಿಯೇ. 72 ಗ್ರಾಂ ತಿರುಳಿನಲ್ಲಿ ಸುಮಾರು 200 ಕ್ಯಾಲೊರಿಯೂ 45ರಿಂದ 48 ಗ್ರಾಂ ಸಕ್ಕರೆಯೂ ಇರುತ್ತವೆ. ಆದುದರಿಂದ ಇದನ್ನು ಊಟದ ಮೇಲೆ ಹೆಚ್ಚಿಗೆಯಾಗಿ ಕೊಡದೆ ಬೇರೆ ಸಿಹಿಯ ಬದಲಾಗಿ ಕೊಡಬೇಕು. ಕಮಲಾಪುರದ ಕೆಂಪು ಬಾಳೆಹಣ್ಣು ದಿನವೂ ಮನೆಯಲ್ಲಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಒಂದೇ ಸಲಕ್ಕೆ ಕೊಡದೆ ಎರಡು ಮೂರು ಸಲಕ್ಕೆ ಹಂಚಿ, ಹಾಲು ಅಥವಾ ಶೇಂಗಾದೊಡನೆ ಕೊಡುವುದು ಲೇಸು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಂಡವಳೂ ಮೂತ್ರಪಿಂಡದ ರೋಗವುಳ್ಳವಳೂ ವೈದ್ಯರನ್ನು ಕೇಳದೆ ಆರಂಭಿಸಬಾರದು. ಖರ್ಜೂರದಿಂದ ರಕ್ತ ತುಂಬುತ್ತದೆಂಬ ಮಾತನ್ನು ನಂಬಿ ಕಬ್ಬಿಣದ ಮಾತ್ರೆಯನ್ನು ಬಿಡುವುದಂತೂ ಅಪಾಯ: ನೂರು ಗ್ರಾಂ ಹಣ್ಣಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಮಿನ ಆಸುಪಾಸು ಮಾತ್ರ.

ಹಣ್ಣನ್ನು ತೊಳೆದು, ಸೀಳಿ ಬೀಜ ತೆಗೆದು ನೋಡಿಯೇ ತಿನ್ನಬೇಕು. ಒಳಗೆ ಕರಿಯ ಪುಡಿಯಿದ್ದರೆ ಬೂಷ್ಟು. ಜೇಡರ ನೂಲಿನಂತಹ ಎಳೆಯಿದ್ದರೆ ಹುಳು. ಹುಳಿ ವಾಸನೆ ಬಂದರೆ ಕೊಳೆಯತೊಡಗಿದೆಯೆಂದು ತಿಳಿಯಬೇಕು. ಪೊಟ್ಟಣದ ಹಣ್ಣು ಕೈಗೆ ಪಾಕದಂತೆ ಅಂಟಿದರೆ ಚೀಟಿಯನ್ನು ಓದತಕ್ಕದ್ದು. ಹೊಳಪಿಗಾಗಿ ಸಕ್ಕರೆಯ ಪಾಕ ಲೇಪಿಸಿದ್ದರೆ ಅಲ್ಲಿ ಬರೆದಿರುತ್ತದೆ. ಅಂತಹುದು ಬೇಡ.

ಕೊನೆಯದಾಗಿ ಒಂದು ಮಾತು. ನೀರು ಒಡೆದರೆ, ರಕ್ತ ಕಂಡರೆ, ಕೂಸಿನ ಹೊರಳಾಟ ಕುಂದಿದರೆ, ‘ಖರ್ಜೂರ ತಿಂದಿದ್ದಾಳೆ, ಹೆರಿಗೆ ಸುಲಭವಾದೀತು’ ಎಂದು ಮನೆಯಲ್ಲಿ ಕಾಯುವಂತಿಲ್ಲ. ಕಮಲಾಪುರದಂತಹ ಊರಿನಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ದಾರಿ ಸವೆಸಬೇಕಾದವರು ಇದನ್ನು ಮರೆಯಲಾಗದು. ಅಧ್ಯಯನಗಳಲ್ಲಿ ಖರ್ಜೂರ ತಿಂದವರೂ ಆಸ್ಪತ್ರೆಗೆ ಬಂದೇ ಹೆತ್ತರು. ಅವರ ಕೊರಳನ್ನು ಅಳೆದದ್ದೂ ಅಲ್ಲಿಯೇ.